ಕಂಡವರಿಗೆಲ್ಲ ಅಂಟುವ ಆಕಳಿಕೆ

1980ರ ದಶಕದಲ್ಲಿ ಅಮೆರಿಕದ ಮೇರಿಲ್ಯಾಂಡ್ ವಿಶ್ವವಿದ್ಯಾಲಯದ ಬಾಲ್ಟಿಮೋರ್ ಕೌಂಟಿ ಆವರಣದಲ್ಲಿ ರಾಬರ್ಟ್ ಪ್ರೊವೈನ್ ಎಂಬ ಮನಶ್ಶಾಸ್ತ್ರಜ್ಞರು ವಿದ್ಯಾರ್ಥಿಗಳಿಗೆ ಐದು ನಿಮಿಷದ ಒಂದು ವಿಡಿಯೊ ತೋರಿಸಿದರು. ಅದರಲ್ಲಿ ಇದ್ದದ್ದು 30 ಆಕಳಿಕೆಗಳು, ಮತ್ತೇನೂ ಇಲ್ಲ. ನೋಡಿದವರಲ್ಲಿ ಶೇ. 55ರಷ್ಟು ಜನ ಆ ಐದು ನಿಮಿಷದೊಳಗೇ ಆಕಳಿಸಿದರು. ಇನ್ನೊಂದು ಗುಂಪಿಗೆ ಅಷ್ಟೇ ಹೊತ್ತು ಮುಗುಳ್ನಗೆಯ ವಿಡಿಯೊ ತೋರಿಸಿದಾಗ ಆಕಳಿಸಿದವರು ಶೇ. 21 ಮಾತ್ರ. ಆಕಳಿಕೆ ಅಂಟುಜಾಡ್ಯದಂತೆ ಹರಡುತ್ತದೆ ಎಂಬ ಜನಜನಿತ ಮಾತಿಗೆ ಮೊದಲ ಬಾರಿಗೆ ಅಳತೆಯ ಆಧಾರ ಸಿಕ್ಕಿದ್ದು ಹೀಗೆ. 1986ರಲ್ಲಿ ಪ್ರಕಟವಾದ ಈ ಅಧ್ಯಯನವನ್ನು ಆಕಳಿಕೆಯ ಬಗ್ಗೆ ಬರೆಯುವವರೆಲ್ಲ ಇಂದಿಗೂ ಉಲ್ಲೇಖಿಸುತ್ತಾರೆ. ಆದರೆ ಅವರು 55ನ್ನು ನೆನಪಿಟ್ಟುಕೊಂಡು 21ನ್ನು ಮರೆಯುವುದೇ ಹೆಚ್ಚು. ಈ ಲೇಖನಕ್ಕೆ ಆ ಎರಡನೆಯ ಅಂಕಿಯೂ ಅಷ್ಟೇ ಮುಖ್ಯ.

ಪ್ರೊವೈನ್ ಅಲ್ಲಿಗೆ ನಿಲ್ಲಲಿಲ್ಲ. ನೋಡುಗರನ್ನು ಕೆಣಕುವುದು ಆಕಳಿಕೆಯ ಯಾವ ಭಾಗ ಎಂದು ತಿಳಿಯಲು ಅವರು ವಿಡಿಯೊವನ್ನು ತುಂಡು ಮಾಡಿದರು. ಎಲ್ಲರೂ ತೆರೆದ ಬಾಯಿಯೇ ಕಾರಣ ಎಂದುಕೊಳ್ಳುತ್ತಾರಷ್ಟೇ. ಬಾಯಿಯನ್ನು ಮಾತ್ರ ತೋರಿಸಿದಾಗ ಪರಿಣಾಮ ತೀರಾ ಕಡಿಮೆಯಾಯಿತು. ಬಾಯಿಯನ್ನು ಮರೆಮಾಡಿ ಉಳಿದ ಮುಖವನ್ನು ತೋರಿಸಿದಾಗ ಆಕಳಿಕೆ ಮೊದಲಿನಂತೆಯೇ ಹರಡಿತು. ಕಿರಿದಾದ ಕಣ್ಣು, ಬಿಗಿದ ಕೆನ್ನೆ, ಹಿಂದಕ್ಕೆ ವಾಲುವ ತಲೆ ಎಲ್ಲ ಸೇರಿದ ಒಟ್ಟು ಚಿತ್ರವೇ ನೋಡುಗನಿಗೆ ಸಂಕೇತ. ಮುಖವನ್ನು ತಲೆಕೆಳಗು ಮಾಡಿ ತೋರಿಸಿದರೂ ಅದು ಕೆಲಸ ಮಾಡಿತು. ಕೈ ಅಡ್ಡ ಹಿಡಿದು ಆಕಳಿಸುವುದು ಸಭ್ಯತೆ ಇರಬಹುದು, ಎದುರಿನವರಿಗೆ ರಕ್ಷಣೆಯಂತೂ ಅಲ್ಲ. ಮುಖ ಕಾಣಲೇಬೇಕೆಂದೂ ಇಲ್ಲ. ಆಕಳಿಕೆಯ ಸದ್ದು ಕೇಳಿದರೆ ಸಾಕು, ಅದರ ಬಗ್ಗೆ ಓದಿದರೂ ಸಾಕು ಎಂದು ನಂತರದ ಪ್ರಯೋಗಗಳು ತೋರಿಸಿವೆ. ಈ ಲೇಖನದ ಓದುಗರಲ್ಲಿ ಕೆಲವರು ಇಷ್ಟರಲ್ಲೇ ಅದಕ್ಕೆ ಸಾಕ್ಷಿ ಒದಗಿಸಿರಬಹುದು.

ಆಕಳಿಕೆ ಏಕೆ ಬರುತ್ತದೆ ಎಂದು ಕೇಳಿದರೆ ಇಂದಿಗೂ ಶಾಲಾ ಮೇಷ್ಟರಿಂದ ಹಿಡಿದು ವೈದ್ಯರವರೆಗೆ ಹಲವರು ಕೊಡುವ ಉತ್ತರ ಒಂದೇ: ರಕ್ತದಲ್ಲಿ ಆಮ್ಲಜನಕ ಕಡಿಮೆಯಾದಾಗ ಅದನ್ನು ತುಂಬಿಕೊಳ್ಳಲು. ಕೇಳಲು ಸಮಂಜಸವಾಗಿಯೇ ಇದೆ. ಆಕಳಿಸುವಾಗ ಸುಮಾರು ಆರು ಸೆಕೆಂಡು ದವಡೆ ಪೂರ್ತಿ ತೆರೆದು ದೀರ್ಘವಾಗಿ ಉಸಿರೆಳೆದುಕೊಳ್ಳುತ್ತೇವೆ; ಜನ ತುಂಬಿದ, ಗಾಳಿಯಾಡದ ಕೋಣೆಯಲ್ಲಿ ಹೆಚ್ಚು ಆಕಳಿಸಿದಂತೆ ಅನ್ನಿಸುತ್ತದೆ. 1987ರಲ್ಲಿ ಪ್ರೊವೈನ್ ಮತ್ತು ಸಂಗಡಿಗರು ಇದನ್ನೂ ನೇರವಾಗಿ ಪರೀಕ್ಷಿಸಿದರು. ಕೆಲವರಿಗೆ ಶುದ್ಧ ಆಮ್ಲಜನಕ, ಕೆಲವರಿಗೆ ಶೇ. 3ರಿಂದ 5ರಷ್ಟು ಇಂಗಾಲದ ಡೈಆಕ್ಸೈಡ್ ಬೆರೆತ ಗಾಳಿ ಕೊಟ್ಟರು. ಮಾಮೂಲಿ ಗಾಳಿಯಲ್ಲಿ ಈ ಅನಿಲ ಶೇ. 0.04ರ ಆಸುಪಾಸು ಇರುತ್ತದೆ, ಹಾಗಾಗಿ ಇದು ಸಣ್ಣ ಬದಲಾವಣೆಯಲ್ಲ. ಇಂಗಾಲದ ಡೈಆಕ್ಸೈಡ್ ಸೇವಿಸಿದವರ ಉಸಿರಾಟ ಜೋರಾಯಿತು, ಆಕಳಿಕೆಯ ಸಂಖ್ಯೆ ಮಾತ್ರ ಕದಲಲಿಲ್ಲ. ಶುದ್ಧ ಆಮ್ಲಜನಕ ಪಡೆದವರು ಕಡಿಮೆ ಆಕಳಿಸಲಿಲ್ಲ. ವ್ಯಾಯಾಮ ಮಾಡಿಸಿ ಏದುಸಿರು ಬರಿಸಿದಾಗಲೂ ಅದೇ ಕತೆ. ಅಲ್ಟ್ರಾಸೌಂಡ್ ಪರದೆಯ ಮೇಲೆ ಗರ್ಭಸ್ಥ ಶಿಶುಗಳು ಆಕಳಿಸುವುದು ಕಾಣುತ್ತದೆ. ನೀರಿನಲ್ಲಿ ತೇಲುತ್ತಾ ಹೊಕ್ಕುಳಬಳ್ಳಿಯಿಂದ ಆಮ್ಲಜನಕ ಪಡೆಯುವ ಜೀವಕ್ಕೆ ಗಾಳಿ ಎಳೆದುಕೊಳ್ಳುವ ಪ್ರಶ್ನೆಯೇ ಇಲ್ಲ. ಆಮ್ಲಜನಕದ ಸಿದ್ಧಾಂತ ಸತ್ತು ನಾಲ್ಕು ದಶಕವಾಗುತ್ತಾ ಬಂದರೂ ಅದರ ಸುದ್ದಿ ತರಗತಿಗಳಿಗೆ ಇನ್ನೂ ತಲುಪಿಲ್ಲ.

ಇಲ್ಲಿಂದ ಮುಂದೆ ಎರಡು ಪ್ರಶ್ನೆಗಳನ್ನು ಬೇರ್ಪಡಿಸಿಕೊಳ್ಳಬೇಕು. ತಾನಾಗಿ ಬರುವ ಆಕಳಿಕೆ ಒಂದು, ಇನ್ನೊಬ್ಬರಿಂದ ಅಂಟುವ ಆಕಳಿಕೆ ಇನ್ನೊಂದು. ನೋಡಲು ಎರಡೂ ಒಂದೇ. ಆದರೆ ಮೊದಲನೆಯದು ಗರ್ಭದಲ್ಲೇ ಶುರುವಾಗುತ್ತದೆ, ಮೀನು ಹಾವುಗಳಿಂದ ಹಿಡಿದು ಆನೆಯವರೆಗೆ ಬೆನ್ನುಮೂಳೆಯಿರುವ ಬಹುತೇಕ ಪ್ರಾಣಿಗಳಲ್ಲಿ ಅದರ ಒಂದಿಲ್ಲೊಂದು ರೂಪ ಇದೆ. ಎರಡನೆಯದು ಮಕ್ಕಳಲ್ಲಿ ಸುಮಾರು ನಾಲ್ಕೈದು ವರ್ಷ ತುಂಬುವವರೆಗೆ ಸ್ಪಷ್ಟವಾಗಿ ಕಾಣಿಸಿಕೊಳ್ಳುವುದಿಲ್ಲ, ಮತ್ತು ಅದು ಕಂಡುಬಂದಿರುವ ಪ್ರಾಣಿಗಳು ಕೆಲವೇ ಕೆಲವು. ಹಳೆಯದೊಂದು ದೈಹಿಕ ಕ್ರಿಯೆಯ ಮೇಲೆ ಬಹಳ ಕಾಲದ ನಂತರ ಕೂಡಿಕೊಂಡ ಗುಣ ಇದು ಎನ್ನುವುದಕ್ಕೆ ಇದು ಪ್ರಬಲ ಸೂಚನೆ. ಹಾಗಾಗಿ ಆಕಳಿಕೆಯ ಉಪಯೋಗ ಇಂಥದ್ದು ಎಂದು ತೋರಿಸಿದ ಮಾತ್ರಕ್ಕೆ ಅದು ಅಂಟುವುದೇಕೆ ಎಂಬುದಕ್ಕೆ ಉತ್ತರ ಸಿಕ್ಕಂತಾಗುವುದಿಲ್ಲ.

ಅಂಟುವಿಕೆಗೆ ಪತ್ರಿಕೆಗಳಲ್ಲಿ ಅತಿ ಹೆಚ್ಚು ಪ್ರಚಾರ ಪಡೆದ ವಿವರಣೆ ಸಹಾನುಭೂತಿ. ಇನ್ನೊಬ್ಬರ ಮನಃಸ್ಥಿತಿಯನ್ನು ನಮ್ಮೊಳಗೆ ಅನುಭವಿಸುವ ಶಕ್ತಿ ಇದ್ದವರಿಗೆ ಆಕಳಿಕೆ ಬೇಗ ಅಂಟುತ್ತದೆ ಎನ್ನುವುದು ಅದರ ಸಾರ. ಇದಕ್ಕೆ ಆಧಾರವಾಗಿ ಸಾಮಾನ್ಯವಾಗಿ ಮುಂದಿಡುವ ಅಧ್ಯಯನ ಇಟಲಿಯ ಇವಾನ್ ನೊರ್ಷಿಯಾ ಮತ್ತು ಎಲಿಸಬೆಟ್ಟಾ ಪಲಾಜಿ ಅವರದು. ಅವರು 109 ವಯಸ್ಕರನ್ನು ಪ್ರಯೋಗಾಲಯಕ್ಕೆ ಕರೆಯದೆ, ಅವರವರ ದಿನನಿತ್ಯದ ಜಾಗಗಳಲ್ಲೇ ಗಮನಿಸಿ ಯಾರ ಆಕಳಿಕೆ ಯಾರಿಗೆ ಅಂಟಿತು ಎಂದು ಗುರುತು ಮಾಡಿಕೊಂಡರು. 2011ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ ಒಂದು ಸೊಗಸಾದ ಇಳಿಜಾರಿತ್ತು: ಬಂಧುಗಳ ಆಕಳಿಕೆ ಅತಿ ಹೆಚ್ಚು ಅಂಟುತ್ತದೆ, ಆಮೇಲೆ ಗೆಳೆಯರದು, ಆಮೇಲೆ ಪರಿಚಿತರದು, ಕೊನೆಗೆ ಅಪರಿಚಿತರದು.

ಇದನ್ನು ಸಹಾನುಭೂತಿಯ ಪುರಾವೆ ಎಂದು ಓದುವುದು ಸುಲಭ. ಆದರೆ ಇನ್ನೊಂದು ಸರಳ ಓದೂ ಸಾಧ್ಯ: ಬಂಧುಗಳ ಮುಖವನ್ನು ಜನ ಹೆಚ್ಚು ನೋಡುತ್ತಾರೆ, ಬಸ್ಸಿನಲ್ಲಿ ಎದುರು ಕೂತ ಅಪರಿಚಿತರ ಮುಖದಿಂದ ಕಣ್ಣು ತಪ್ಪಿಸುತ್ತಾರೆ. ನೋಡದ ಆಕಳಿಕೆ ಅಂಟುವುದಾದರೂ ಹೇಗೆ? ಈ ಆಕ್ಷೇಪ ಬರೀ ತರ್ಕವಲ್ಲ ಎಂದು ತೋರಿಸಿಕೊಟ್ಟದ್ದು ಆಟಿಸಂ ಇರುವ ಮಕ್ಕಳ ಮೇಲಿನ ಅಧ್ಯಯನಗಳು. ಲಂಡನ್ನಿನಲ್ಲಿ ಕೆಲಸ ಮಾಡುತ್ತಿದ್ದ ಅತ್ಸುಶಿ ಸೆಂಜು ಮತ್ತು ಸಂಗಡಿಗರು 2007ರಲ್ಲಿ ಆಟಿಸಂ ಇರುವ ಮಕ್ಕಳಿಗೆ ಆಕಳಿಕೆ ಅಂಟುವುದಿಲ್ಲ ಎಂದು ವರದಿ ಮಾಡಿದ್ದರು. ಸಹಾನುಭೂತಿಯ ಸಿದ್ಧಾಂತಕ್ಕೆ ಅದೊಂದು ಗೆಲುವಿನಂತೆ ಕಂಡಿತು. ಆದರೆ ಈ ಮಕ್ಕಳಲ್ಲಿ ಹಲವರು ಎದುರಿನವರ ಮುಖವನ್ನು, ಅದರಲ್ಲೂ ಕಣ್ಣನ್ನು, ಅಷ್ಟಾಗಿ ನೋಡುವುದಿಲ್ಲ. 2013ರಲ್ಲಿ ಸೆಂಜು ಅವರೂ ಇದ್ದ ತಂಡವೇ ಮಕ್ಕಳು ಪರದೆಯ ಮೇಲಿನ ಮುಖವನ್ನು ನಿಜಕ್ಕೂ ನೋಡುವಂತೆ ಪ್ರಯೋಗವನ್ನು ಮರುರೂಪಿಸಿತು. ಆಗ ಅವರಿಗೂ ಆಕಳಿಕೆ ಅಂಟಿತು. ಮೊದಲ ಪ್ರಯೋಗದಲ್ಲಿ ಸಿಕ್ಕಿದ್ದು ಭಾವದ ಕೊರತೆಯಲ್ಲ, ನೋಟದ ಕೊರತೆ ಎಂದೇ ಇದರ ಅರ್ಥ.

ದೊಡ್ಡ ಪ್ರಮಾಣದಲ್ಲಿ ಅಳೆದಾಗಲೂ ಸಹಾನುಭೂತಿಯ ಕೊಂಡಿ ಸಡಿಲವಾಯಿತು. ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದಲ್ಲಿ 328 ಜನ ಮೂರು ನಿಮಿಷದ ಆಕಳಿಕೆಯ ವಿಡಿಯೊ ನೋಡಿದರು. 222 ಜನ ಒಮ್ಮೆಯಾದರೂ ಆಕಳಿಸಿದರು. ಒಬ್ಬರು ಎಷ್ಟು ಆಕಳಿಸುತ್ತಾರೆ ಎಂಬುದು ಬೇರೆ ಬೇರೆ ದಿನ ಅಳೆದರೂ ಹೆಚ್ಚು ಕಡಿಮೆ ಒಂದೇ ಆಗಿರುತ್ತಿತ್ತು, ಎಂದರೆ ಅದು ಆ ವ್ಯಕ್ತಿಯ ಸ್ಥಿರ ಗುಣ. ಆದರೆ ಸಹಾನುಭೂತಿಯ ಅಂಕಕ್ಕೂ ಅದಕ್ಕೂ ನಂಟು ಸಿಗಲಿಲ್ಲ. ಬುದ್ಧಿಮತ್ತೆ, ದಣಿವು, ದಿನದ ಹೊತ್ತು ಯಾವುದೂ ಹೊಂದಲಿಲ್ಲ. ವಯಸ್ಸೊಂದು ಮಾತ್ರ ಹೊಂದಿತು: ವಯಸ್ಸಾದಂತೆ ಅಂಟುವಿಕೆ ತುಸು ಕಡಿಮೆ. ಅದೂ ಜನರ ನಡುವಿನ ಒಟ್ಟು ವ್ಯತ್ಯಾಸದಲ್ಲಿ ಶೇ. 8ರಷ್ಟನ್ನು ಮಾತ್ರ ವಿವರಿಸಿತು. ಹಾಗೆಂದು ಈ ವಾದ ಪೂರ್ತಿ ಬಿದ್ದುಹೋಗಿಲ್ಲ. 2020ರಲ್ಲಿ ನೊರ್ಷಿಯಾ ಮತ್ತು ಪಲಾಜಿ ಅವರ ತಂಡ ಆಕಳಿಕೆಯ ಸದ್ದು ಮಾತ್ರ ಕೇಳಿಸುವ, ಮುಖ ಕಾಣದ ಸಂದರ್ಭಗಳನ್ನು ಆರಿಸಿ ನೋಡಿದಾಗಲೂ ಬಂಧು ಮಿತ್ರರ ಆಕಳಿಕೆಯೇ ಹೆಚ್ಚು ಅಂಟಿತ್ತು. ಕಣ್ಣು ತಪ್ಪಿಸುವ ವಿವರಣೆ ಇಲ್ಲಿ ಸಾಲದು. ಪರಿಚಿತ ದನಿಗೆ ಕಿವಿ ಹೆಚ್ಚು ಚುರುಕಾಗುತ್ತದೆ ಎಂದು ವಾದಿಸಬಹುದಾದರೂ, ನ್ಯಾಯವಾಗಿ ಹೇಳಬೇಕೆಂದರೆ ಆತ್ಮೀಯತೆಗೆ ಏನೋ ಪಾತ್ರವಿದೆ, ಅದು ಸಹಾನುಭೂತಿಯೇ ಎಂದು ಮಾತ್ರ ಯಾರೂ ತೋರಿಸಿಲ್ಲ.

ಈಗ ಮೊದಲು ಹೇಳಿದ ಶೇ. 21ಕ್ಕೆ ಬರಬಹುದು. ಯಾರ ಆಕಳಿಕೆಯನ್ನೂ ನೋಡದಿದ್ದ ಜನರಲ್ಲೂ ಐವರಿಗೊಬ್ಬರು ಐದು ನಿಮಿಷದಲ್ಲಿ ಆಕಳಿಸಿದ್ದರು. ಹೀಗಿರುವಾಗ ಉಪನ್ಯಾಸವೊಂದರಲ್ಲಿ ಒಬ್ಬರ ನಂತರ ಒಬ್ಬರು ಆಕಳಿಸಿದರೆ ಎರಡನೆಯವರದು ಅಂಟಿದ ಆಕಳಿಕೆಯೋ, ಅದೇ ಊಟ, ಅದೇ ಸೆಕೆ, ಅದೇ ಉಪನ್ಯಾಸಕರಿಂದ ಬಂದ ಸ್ವಂತ ಆಕಳಿಕೆಯೋ? ರೋಹನ್ ಕಪಿಟಾನಿ ಮತ್ತು ಮಾರ್ಕ್ ನೀಲ್ಸನ್ 2017ರಲ್ಲಿ ಇದೇ ಪ್ರಶ್ನೆ ಎತ್ತಿದರು. ಬೇಸರದ ಸಂದರ್ಭದಲ್ಲಿ ಆಕಳಿಕೆಗಳು ತಾವಾಗಿಯೇ ಒತ್ತೊತ್ತಾಗಿ ಬರುತ್ತವೆ. ಆಕಳಿಕೆ ಅಂಟುತ್ತದೆ ಎಂದು ಮೊದಲೇ ನಂಬಿರುವ ಕಣ್ಣಿಗೆ ಆ ಕಾಕತಾಳೀಯವೆಲ್ಲ ಸರಪಳಿಯಾಗಿ ಕಾಣುತ್ತದೆ ಎಂದು ಅವರು ಎಚ್ಚರಿಸಿದರು. ನೋಡಿದ ಮೇಲೆ ಎಷ್ಟು ನಿಮಿಷದೊಳಗೆ ಬಂದರೆ ಅಂಟಿದ್ದು ಎನ್ನಬೇಕು ಎಂಬ ಗಡುವನ್ನು ಸಂಶೋಧಕರೇ ನಿಗದಿ ಮಾಡುತ್ತಾರೆ. ಗಡುವು ಹಿಗ್ಗಿದಷ್ಟೂ ಸ್ವಂತ ಆಕಳಿಕೆಗಳು ಒಳಗೆ ನುಸುಳುತ್ತವೆ. ಆದ್ದರಿಂದ ಹೋಲಿಕೆಯ ಗುಂಪು ಇಲ್ಲದೆ ಬರೀ ಇಷ್ಟು ಜನ ಆಕಳಿಸಿದರು ಎನ್ನುವ ವರದಿಯನ್ನು, ಅದು ನಾಯಿಯದಾಗಲಿ ಮನುಷ್ಯರದಾಗಲಿ, ಅನುಮಾನದಿಂದಲೇ ನೋಡಬೇಕು.

ಅಂಟುವಿಕೆ ಭ್ರಮೆಯಲ್ಲ ಎನ್ನುವುದಕ್ಕೆ ನರಮಂಡಲದಿಂದಲೇ ಬಂದ ಸಾಕ್ಷ್ಯವೂ ಇದೆ. ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್ ವಿಶ್ವವಿದ್ಯಾಲಯದ ತಂಡ 2017ರಲ್ಲಿ 36 ಜನರಿಗೆ ಆಕಳಿಕೆಯ ದೃಶ್ಯ ತೋರಿಸಿ, ಸ್ವಲ್ಪ ಹೊತ್ತು ತಡೆಯಿರಿ, ಸ್ವಲ್ಪ ಹೊತ್ತು ಬಿಟ್ಟುಬಿಡಿ ಎಂದು ಸರದಿಯಂತೆ ಸೂಚಿಸಿತು. ತಡೆಯಲು ಹೇಳಿದಾಗ ಪೂರ್ತಿ ಬಾಯಿ ತೆರೆದ ಆಕಳಿಕೆ ಕಡಿಮೆಯಾಗಿ, ಒಳಗೊಳಗೇ ನುಂಗಿದ ಅರೆ ಆಕಳಿಕೆ ಹೆಚ್ಚಿತು. ಆಕಳಿಸಬೇಕೆಂಬ ತುಡಿತವಂತೂ ಏರಿತು. ತಲೆಯ ಹೊರಗಿನಿಂದ ಕಾಂತೀಯ ಸ್ಪಂದನ ಕೊಟ್ಟು ಮಿದುಳಿನ ಚಲನಾ ಭಾಗ ಎಷ್ಟು ಸುಲಭವಾಗಿ ಉದ್ರೇಕಗೊಳ್ಳುತ್ತದೆ ಎಂದು ಅಳೆದಾಗ, ಯಾರಿಗೆ ಹೆಚ್ಚು ಅಂಟುತ್ತದೆ ಎಂಬುದರ ಅರ್ಧದಷ್ಟು ವ್ಯತ್ಯಾಸವನ್ನು ಆ ಅಳತೆಯೇ ಹೇಳಿತು. ಒಳ್ಳೆಯ ಮನಸ್ಸಿಗಿಂತ ಸ್ನಾಯುಗಳನ್ನು ಆಡಿಸುವ ನರಗಳ ಹೊಸ್ತಿಲೇ ಇಲ್ಲಿ ಹೆಚ್ಚು ನಿರ್ಣಾಯಕ ಎಂದಾಯಿತು. ಚರಕ ಸಂಹಿತೆಯ ಸೂತ್ರಸ್ಥಾನದ ಏಳನೆಯ ಅಧ್ಯಾಯ ತಡೆಯಬಾರದ 13 ವೇಗಗಳನ್ನು ಹೆಸರಿಸುವಾಗ ಸೀನು, ತೇಗು, ಹಸಿವು, ಕಣ್ಣೀರುಗಳ ಜೊತೆಗೆ ಆಕಳಿಕೆಯನ್ನೂ ಸೇರಿಸುತ್ತದೆ. ತಡೆದರೆ ಬರುವುದೆಂದು ಆ ಗ್ರಂಥ ಹೇಳುವ ತೊಂದರೆಗಳನ್ನು ನಾಟಿಂಗ್‌ಹ್ಯಾಮ್ ಪ್ರಯೋಗ ಪರೀಕ್ಷಿಸಿಲ್ಲ; ಆದರೆ ಇದೊಂದು ವೇಗ, ಒತ್ತಿದಷ್ಟೂ ಒತ್ತಿ ಬರುವಂಥದ್ದು ಎಂಬ ಗ್ರಹಿಕೆಯಲ್ಲಿ ಎರಡೂ ಜೊತೆಗಿವೆ.

ಇನ್ನು ಆಕಳಿಕೆಯ ಉಪಯೋಗ. ಸದ್ಯ ಅತಿ ಹೆಚ್ಚು ಪರೀಕ್ಷೆಗೆ ಒಳಗಾಗಿರುವ ಊಹೆ ಅಮೆರಿಕದ ಆಂಡ್ರೂ ಗ್ಯಾಲಪ್ ಅವರದು: ಆಕಳಿಕೆ ಮಿದುಳನ್ನು ತಂಪು ಮಾಡುತ್ತದೆ. ಮಿದುಳು ದೇಹದ ತೂಕದಲ್ಲಿ ಶೇ. 2ರಷ್ಟಿದ್ದು ಶಕ್ತಿಯಲ್ಲಿ ಐದನೇ ಒಂದು ಭಾಗ ಬಳಸುತ್ತದೆ, ಹಾಗಾಗಿ ಸದಾ ಬಿಸಿ ಹುಟ್ಟಿಸುತ್ತಿರುತ್ತದೆ. ಆ ಬಿಸಿಯನ್ನು ಹೊರಗೊಯ್ಯುವುದು ಮುಖ್ಯವಾಗಿ ರಕ್ತ. ದವಡೆ ಪೂರ್ತಿ ಚಾಚಿದಾಗ ಮುಖ ಮತ್ತು ತಲೆಯ ರಕ್ತಸಂಚಾರ ಹೆಚ್ಚುತ್ತದೆ. ಜೊತೆಗೆ ಎಳೆದುಕೊಂಡ ಹೊರಗಾಳಿ ಬಾಯಿ ಮೂಗುಗಳ ತೇವದ ಒಳಪದರದ ಮೇಲೆ ಹಾದು ಅಲ್ಲಿನ ರಕ್ತವನ್ನು ತಣಿಸುತ್ತದೆ ಎನ್ನುವುದು ವಾದದ ತಿರುಳು. 2007ರಲ್ಲಿ ಅವರೂ ಗಾರ್ಡನ್ ಗ್ಯಾಲಪ್ ಅವರೂ ಸೇರಿ ಮಾಡಿದ ಪ್ರಯೋಗದಲ್ಲಿ, ಹಣೆಗೆ ತಣ್ಣನೆಯ ಪಟ್ಟಿ ಇಟ್ಟುಕೊಂಡು ಆಕಳಿಕೆಯ ವಿಡಿಯೊ ನೋಡಿದವರಲ್ಲಿ ಶೇ. 9ರಷ್ಟು ಮಾತ್ರ ಆಕಳಿಸಿದರು. ಪಟ್ಟಿ ಬೆಚ್ಚಗೋ ಕೋಣೆಯ ತಾಪದಲ್ಲೋ ಇದ್ದಾಗ ಆಕಳಿಸಿದವರು ಶೇ. 41.

ಊಹೆ ಸರಿಯಾಗಿದ್ದರೆ ಅದರಿಂದ ಒಂದು ವಿಚಿತ್ರ ಭವಿಷ್ಯವಾಣಿ ಹೊರಡುತ್ತದೆ. ಹೊರಗಿನ ಗಾಳಿ ದೇಹಕ್ಕಿಂತ ತಂಪಾಗಿದ್ದರೆ ಮಾತ್ರ ಆಕಳಿಸಿ ಪ್ರಯೋಜನ. ಗಾಳಿ ಮೈಯಷ್ಟೇ ಬಿಸಿಯಾದಾಗ ಆಕಳಿಕೆ ಕಡಿಮೆಯಾಗಬೇಕು, ಹೆಚ್ಚಲ್ಲ. ಕೊರೆಯುವ ಚಳಿಯಲ್ಲೂ ಕಡಿಮೆಯಾಗಬೇಕು, ಏಕೆಂದರೆ ಆಗ ತಂಪಿನ ಅಗತ್ಯವೇ ಇಲ್ಲ. ಇವೆರಡರ ನಡುವೆ ಎಲ್ಲೋ ಆಕಳಿಕೆ ಉತ್ತುಂಗ ಮುಟ್ಟಬೇಕು. ಇದನ್ನು ಪರೀಕ್ಷಿಸಲು ಗ್ಯಾಲಪ್ ಮತ್ತು ಓಮರ್ ಎಲ್ಡಕಾರ್ ಅರಿಜೋನಾದ ಮರುಭೂಮಿ ನಗರ ಟೂಸಾನ್‌ನ ಬೀದಿಗಿಳಿದರು. ಚಳಿಗಾಲದಲ್ಲಿ 80, ಬೇಸಿಗೆಯಲ್ಲಿ 80 ದಾರಿಹೋಕರನ್ನು ನಿಲ್ಲಿಸಿ ಆಕಳಿಸುತ್ತಿರುವವರ ಚಿತ್ರ ತೋರಿಸಿ, ಆಕಳಿಕೆ ಬಂತೇ ಎಂದು ಕೇಳಿದರು. ಚಳಿಗಾಲದ ಹಿತವಾದ 22 ಡಿಗ್ರಿ ಸೆಲ್ಸಿಯಸ್‌ನಲ್ಲಿ ಶೇ. 45 ಜನ ಆಕಳಿಸಿದ್ದರು. ಬೇಸಿಗೆಯಲ್ಲಿ ತಾಪ ಹೆಚ್ಚು ಕಡಿಮೆ ಮೈಯಷ್ಟೇ, 37 ಡಿಗ್ರಿ, ಆಗ ಶೇ. 24. ಇನ್ನೂ ಸ್ವಾರಸ್ಯದ ಸಂಗತಿ, ಬೇಸಿಗೆಯಲ್ಲಿ ಆಕಳಿಸಿದವರು ಬಹುತೇಕ ಈಗಷ್ಟೇ ಕಟ್ಟಡದಿಂದ ಹೊರಬಂದವರು. ಐದು ನಿಮಿಷಕ್ಕಿಂತ ಹೆಚ್ಚು ಬಿಸಿಲಲ್ಲಿದ್ದವರಲ್ಲಿ ಶೇ. 10ಕ್ಕೂ ಕಡಿಮೆ ಜನ ಆಕಳಿಸಿದ್ದರು.

ಇದರಿಂದಲೇ ತೀರ್ಮಾನಕ್ಕೆ ಬಂದಿದ್ದರೆ ಎಡವಟ್ಟಾಗುತ್ತಿತ್ತು. ಚಳಿಗಾಲದಲ್ಲಿ ಹೆಚ್ಚು, ಬೇಸಿಗೆಯಲ್ಲಿ ಕಡಿಮೆ ಎನ್ನುವುದಕ್ಕೆ ತಾಪವೇ ಕಾರಣವಾಗಬೇಕಿಲ್ಲ. ಹಗಲಿನ ಉದ್ದ, ನಿದ್ದೆಯ ಅವಧಿ ಎಲ್ಲವೂ ಋತುವಿನೊಂದಿಗೆ ಬದಲಾಗುತ್ತವೆ. ಬೇಕಿದ್ದದ್ದು ಬೇಸಿಗೆಯೇ ಹಿತವಾಗಿರುವ, ಚಳಿಗಾಲ ಮರಗಟ್ಟಿಸುವ ಊರು. ಯೋರ್ಗ್ ಮಾಸೆನ್ ಮತ್ತು ಸಂಗಡಿಗರು ಆಸ್ಟ್ರಿಯಾದ ವಿಯೆನ್ನಾದಲ್ಲಿ ಅದೇ ಪ್ರಯೋಗವನ್ನು 120 ಜನರ ಮೇಲೆ ಮಾಡಿದರು. ಅಲ್ಲಿ ಬೇಸಿಗೆಯ ಸರಾಸರಿ ತಾಪ 19 ಡಿಗ್ರಿ ದಾಟಿತ್ತು ಅಷ್ಟೇ, ಚಳಿಗಾಲದ್ದು 1.4 ಡಿಗ್ರಿ. ಫಲಿತಾಂಶ ಟೂಸಾನ್‌ಗೆ ತಿರುಗುಮುರುಗು: ಬೇಸಿಗೆಯಲ್ಲಿ ಶೇ. 41.7, ಚಳಿಗಾಲದಲ್ಲಿ ಶೇ. 18.3. ಎರಡು ಊರುಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಋತು ಕರಗಿ ತಾಪ ಉಳಿಯುತ್ತದೆ. 20 ಡಿಗ್ರಿಯ ಆಸುಪಾಸಿನಲ್ಲಿ ಎರಡೂ ಕಡೆ ಹತ್ತರಲ್ಲಿ ನಾಲ್ವರು, ಎರಡು ತುದಿಗಳಲ್ಲಿ ಅದರ ಅರ್ಧ. ಈ ಸಂಶೋಧನಾ ಕ್ಷೇತ್ರದಲ್ಲಿ ಇದಕ್ಕಿಂತ ಅಚ್ಚುಕಟ್ಟಾದ ಜೋಡಿ ಪ್ರಯೋಗ ಇನ್ನೊಂದಿಲ್ಲ. 30 ಡಿಗ್ರಿ ದಾಟಿದರೂ ತೇವ ತುಂಬಿರುವ ಮಂಗಳೂರು, ಕಾರವಾರಗಳಂಥ ಕರಾವಳಿ ಊರಿನಲ್ಲಿ ಇದನ್ನು ಮಾಡಿ ನೋಡಿದರೆ ಒಣ ಟೂಸಾನ್ ಹೇಳಲಾಗದ್ದನ್ನು ಕಲಿಯಬಹುದು: ಗಾಳಿಯಲ್ಲಿ ತೇವ ಹೆಚ್ಚಿದ್ದಾಗ ಬಾಯೊಳಗಿನ ನೀರು ಆವಿಯಾಗಿ ತಣಿಸುವುದು ಕುಗ್ಗುತ್ತದೆ, ಆಗ ಆಕಳಿಕೆಯೂ ಕುಗ್ಗಬೇಕು.

ದೌರ್ಬಲ್ಯಗಳೂ ಇವೆ. ಬೀದಿಯಲ್ಲಿ ನಿಲ್ಲಿಸಿದವರು ತಾವೇ ಹೇಳಿದ್ದನ್ನು ನಂಬಬೇಕಾಯಿತು; ಅಪರಿಚಿತ ಸಂಶೋಧಕರ ಎದುರು ನಿಂತಾಗ ಆಕಳಿಕೆಯನ್ನು ಅದುಮಿಕೊಳ್ಳುವವರೂ ಉಂಟು. ಮುಖ್ಯವಾಗಿ, ಅಲ್ಲಿ ಯಾರ ಮಿದುಳಿನ ತಾಪವನ್ನೂ ಅಳೆದಿಲ್ಲ. ಅಳೆದದ್ದು ಇಲಿಗಳಲ್ಲಿ: 2010ರಲ್ಲಿ ಇಲಿಗಳ ಮಿದುಳಿನ ಮುಂಭಾಗದಲ್ಲಿ ತಾಪದ ಸೂಕ್ಷ್ಮ ತಂತಿ ಇಟ್ಟು ನೋಡಿದಾಗ, ಆಕಳಿಕೆಗೆ ಮುನ್ನ ತಾಪ ಸುಮಾರು 0.1 ಡಿಗ್ರಿ ಏರಿ, ಆಕಳಿಸಿದ ಮೇಲೆ ಮೂರು ನಿಮಿಷದೊಳಗೆ ಇಳಿದಿತ್ತು. ಸ್ವಿಟ್ಜರ್‌ಲ್ಯಾಂಡಿನ ನರವಿಜ್ಞಾನಿ ಆಡ್ರಿಯನ್ ಗುಗಿಸ್‌ಬರ್ಗ್ ಅವರಂಥ ಟೀಕಾಕಾರರಿಗೆ ಇಷ್ಟು ಸಾಲದು. ಅಷ್ಟು ಸಣ್ಣ ಏರಿಳಿತದಿಂದ ಮಿದುಳಿಗೆ ಏನಾದರೂ ಲಾಭವಾಗುತ್ತದೆಂದು ತೋರಿಸಿಲ್ಲ ಎನ್ನುವುದು ಅವರ ತಕರಾರು. ಅವರದೇ ತಂಡ ತೂಕಡಿಕೆಯ ರೋಗಿಗಳ ಮಿದುಳಿನ ವಿದ್ಯುತ್ ತರಂಗಗಳನ್ನು ದಾಖಲಿಸಿದಾಗ ಆಕಳಿಕೆಯ ನಂತರ ಎಚ್ಚರ ಹೆಚ್ಚಿದ ಗುರುತೇ ಇರಲಿಲ್ಲ. ತಂಪಾದ ಮಿದುಳು ಚುರುಕಾಗುತ್ತದೆ ಎನ್ನುವ ವಾದಕ್ಕೆ ಇದು ನೇರ ಏಟು. ಗ್ಯಾಲಪ್ ಪಾಳಯದ ಬಳಿ ಇರುವ ಇನ್ನೊಂದು ಅಸ್ತ್ರ ಬೇರೆ ಪ್ರಾಣಿಗಳದು. 2021ರಲ್ಲಿ ಮಾಸೆನ್, ಗ್ಯಾಲಪ್ ಮತ್ತಿತರರು 101 ಜಾತಿಯ ಸಸ್ತನಿ ಮತ್ತು ಹಕ್ಕಿಗಳ 1,291 ಆಕಳಿಕೆಗಳ ವಿಡಿಯೊ ಸಂಗ್ರಹಿಸಿ ಅವುಗಳ ಅವಧಿ ಅಳೆದರು. ಮಿದುಳು ದೊಡ್ಡದಾದಷ್ಟೂ, ಅದರಲ್ಲಿ ನರಕೋಶ ಹೆಚ್ಚಿದಷ್ಟೂ ಆಕಳಿಕೆ ದೀರ್ಘ. ಇದು ತಂಪಿನ ಊಹೆಗೆ ಹೊಂದುತ್ತದೆ ನಿಜ, ಆದರೆ ಆಕಳಿಕೆ ಮಿದುಳಿಗೆ ಬೇರಾವುದೋ ಸೇವೆ ಸಲ್ಲಿಸುತ್ತಿದ್ದರೂ ಇದೇ ಫಲಿತಾಂಶ ಬರಬಹುದಿತ್ತು.

ಅಂಟುವಿಕೆಯಿಂದ ಯಾರಿಗೇನು ಲಾಭ? ಗ್ಯಾಲಪ್ ಕೊಡುವ ಉತ್ತರ ಹೀಗಿದೆ. ಗುಂಪಿನಲ್ಲಿ ಒಂದು ಪ್ರಾಣಿ ಆಕಳಿಸಿತೆಂದರೆ ಅದರ ಎಚ್ಚರ ತಗ್ಗಿದೆ ಎಂದು ಅರ್ಥ. ಅದನ್ನು ಕಂಡ ಇತರ ಪ್ರಾಣಿಗಳು ತಮ್ಮ ಎಚ್ಚರವನ್ನು ಏರಿಸಿಕೊಂಡರೆ ಒಟ್ಟು ಗುಂಪು ಸುರಕ್ಷಿತ. 2021ರಲ್ಲಿ ಗ್ಯಾಲಪ್ ಮತ್ತು ಅವರ ವಿದ್ಯಾರ್ಥಿನಿಯೊಬ್ಬರು 38 ಜನರಿಗೆ ಆಕಳಿಕೆಯ ವಿಡಿಯೊ ಅಥವಾ ಬೇರೆ ವಿಡಿಯೊ ತೋರಿಸಿ, ಆಮೇಲೆ ಪರದೆಯ ಮೇಲಿನ ಚಿತ್ರಗಳ ನಡುವೆ ಹಾವನ್ನೋ ಕಪ್ಪೆಯನ್ನೋ ಹುಡುಕಲು ಹೇಳಿದರು. ಕಣ್ಣಿನ ಚಲನೆ ಅಳೆಯುವ ಯಂತ್ರ ಸಮಯ ಗುರುತಿಸಿತು. ಆಕಳಿಕೆ ನೋಡಿದ ಮೇಲೆ ಹಾವನ್ನು ಜನ ಹೆಚ್ಚು ಬೇಗ ಪತ್ತೆಹಚ್ಚಿದರು. ಕಪ್ಪೆಯ ವಿಷಯದಲ್ಲಿ ವ್ಯತ್ಯಾಸವೇ ಆಗಲಿಲ್ಲ. ಹುಡುಕಾಟದ ವೇಗ ಸುಮ್ಮನೆ ಹೆಚ್ಚಿದ್ದರೆ ಕಪ್ಪೆಯೂ ಬೇಗ ಸಿಗಬೇಕಿತ್ತು ಎಂಬ ಕಾರಣಕ್ಕೆ ಈ ಕಪ್ಪೆಯ ಹೋಲಿಕೆ ಪ್ರಯೋಗದ ಜೀವಾಳ. 38 ಚಿಕ್ಕ ಸಂಖ್ಯೆ. ಬೇರೆ ಪ್ರಯೋಗಾಲಯಗಳು ಇದನ್ನು ಮರಳಿ ಮಾಡಿ ತೋರಿಸಬೇಕು.

ಇಟಲಿಯವರ ಉತ್ತರ ಬೇರೆ, ಮತ್ತು ಅವರು ಅದನ್ನು ಹುಡುಕಿದ್ದು ದಕ್ಷಿಣ ಆಫ್ರಿಕಾದ ಸಿಂಹಗಳಲ್ಲಿ. ಪಲಾಜಿ ಮತ್ತು ಇಬ್ಬರು ಸಹೋದ್ಯೋಗಿಗಳು ಮಕಲಾಲಿ ರಕ್ಷಿತಾರಣ್ಯದ ಕಾಡುಸಿಂಹಗಳನ್ನು ವಿಡಿಯೊದಲ್ಲಿ ಹಿಡಿದು ಗಮನಿಸಿದರು. ಜೊತೆಯ ಸಿಂಹ ಆಕಳಿಸಿದ್ದನ್ನು ಕಂಡ ಮೂರು ನಿಮಿಷದೊಳಗೆ ಇನ್ನೊಂದು ಆಕಳಿಸುವ ಸಂಭವ, ಕಾಣದಿದ್ದಾಗಿನದಕ್ಕಿಂತ 139 ಪಟ್ಟು ಹೆಚ್ಚಿತ್ತು. ಆಮೇಲೆ ನಡೆದದ್ದು ಇನ್ನೂ ಕುತೂಹಲದ್ದು. ಆಕಳಿಕೆ ಅಂಟಿಸಿಕೊಂಡ ಸಿಂಹ ಮೊದಲ ಸಿಂಹ ಎದ್ದರೆ ತಾನೂ ಎದ್ದಿತು, ಅದು ಮಲಗಿದರೆ ತಾನೂ ಮಲಗಿತು. ಹಾಗೆ ಜೊತೆಗೂಡುವ ಸಂಭವ 11 ಪಟ್ಟು ಹೆಚ್ಚು. ಒಟ್ಟಾಗಿ ಬೇಟೆಯಾಡುವ, ಒಟ್ಟಾಗಿ ಮರಿ ಕಾಯುವ ಪ್ರಾಣಿಗೆ ಒಂದೇ ಹೊತ್ತಿಗೆ ಏಳುವುದು ಒಂದೇ ಹೊತ್ತಿಗೆ ಮಲಗುವುದು ಲಾಭವೇ. ಗ್ಯಾಲಪ್ ಲೆಕ್ಕದಲ್ಲಿ ಆಕಳಿಕೆಯನ್ನು ಕಂಡವರು ಎಚ್ಚರವಾಗಬೇಕು, ಪಲಾಜಿ ಲೆಕ್ಕದಲ್ಲಿ ಆಕಳಿಸಿದವರಂತೆಯೇ ಆಗಬೇಕು. ಒಂದು ಸಿಂಹ ಆಕಳಿಸಿ ಮಲಗುವ ಹೊತ್ತಿನಲ್ಲಿ ಈ ಎರಡು ಉತ್ತರಗಳು ಎದುರುಬದುರಾಗುತ್ತವೆ, ಮತ್ತು ಆ ಹೊತ್ತಿನಲ್ಲಿ ಪಕ್ಕದ ಸಿಂಹದ ಕಣ್ಣು ಎತ್ತ ಹೊರಳುತ್ತದೆ ಎಂದು ನಿಮಿಷ ನಿಮಿಷಕ್ಕೆ ದಾಖಲಿಸುವ ಅಧ್ಯಯನ ಇವೆರಡರಲ್ಲಿ ಒಂದನ್ನು ಆರಿಸಿಕೊಡಬಲ್ಲದು.